ಬಗ್ ಸಿಕ್ಕರೆ ಸಾಲದು, ಪುಟ್ಟಾ

ಪ್ರೀತಿಯ ಪುಟ್ಟಾ,

ಗೇಮ್ ಟೆಸ್ಟಿಂಗ್ ಅಂದರೆ ದಿನವಿಡೀ ಆಟ ಆಡಿ ಸಂಬಳ ತಗೊಳ್ಳೋದಾ ಅಂತ ಕೇಳಿದ್ದೆಯಲ್ಲ, ಆ ಕೆಲಸದಿಂದ ನಿವೃತ್ತನಾದ ನಾನು ಒಂದು ಬಗ್‌ನ ಕಥೆ ಹೇಳ್ತೀನಿ.

ಒಂದು ಮೊಬೈಲ್ ಗೇಮ್‌ನಲ್ಲಿ ಲೆವೆಲ್ ಮುಗಿಸಿ ಬಹುಮಾನದ ಬಟನ್ ಒತ್ತಿದೆ. ಅಷ್ಟರಲ್ಲಿ ಫೋನ್ ಬಂತು. ಮಾತು ಮುಗಿಸಿ ನೋಡಿದರೆ 100 ನಾಣ್ಯದ ಬದಲು 200! ರಿಪೋರ್ಟ್ ಬರೆದೆ. ‘ನಮ್ಮಲ್ಲಿ ಹಾಗಾಗ್ತಿಲ್ಲ’ ಅಂತ ಡೆವಲಪರ್ ವಾಪಸ್ ಕಳಿಸಿದರು. ನಾನೇ 10 ಸಲ ಮಾಡಿ ನೋಡಿದೆ, ಒಮ್ಮೆಯೂ ಆಗಲಿಲ್ಲ.

ಆಮೇಲೆ ನೆನಪಾಯಿತು, ಮೊದಲ ಸಲ ನಾನಿದ್ದದ್ದು ಸಿಗ್ನಲ್ ಸರಿಯಾಗಿ ಸಿಗದ ಮೆಟ್ಟಿಲ ಹತ್ತಿರ. ನೆಟ್‌ವರ್ಕನ್ನು ಬೇಕೆಂದೇ ನಿಧಾನ ಮಾಡಿ ಮತ್ತೆ 10 ಸಲ ಆಡಿದೆ. 7 ಸಲ ನಾಣ್ಯ ಎರಡು ಪಟ್ಟಾಯಿತು. ಬಿಲ್ಡ್ ನಂಬರ್, ಫೋನ್ ಮಾಡೆಲ್, ನೆಟ್‌ವರ್ಕ್ ವೇಗ, ಒಂದೊಂದು ಹೆಜ್ಜೆ, ‘10ರಲ್ಲಿ 7’ ಎಲ್ಲ ಸೇರಿಸಿ ಬರೆದೆ. ಈ ಸಲ ರಿಪೋರ್ಟ್ ವಾಪಸ್ ಬರಲಿಲ್ಲ. ಸರ್ವರ್ ನಾಣ್ಯ ಕೊಟ್ಟರೂ ಅದರ ಉತ್ತರ ಫೋನಿಗೆ ತಲುಪಿರಲಿಲ್ಲ, ಹಾಗಾಗಿ ಗೇಮ್ ಇನ್ನೊಮ್ಮೆ ಕೇಳುತ್ತಿತ್ತು.

ಸರಿಪಡಿಸಿದ ಬಿಲ್ಡ್‌ನಲ್ಲಿ ಮತ್ತೆ ಅದೇ 10 ಸಲ. ಅದೇ ಕೋಡ್ ಬಳಸುವ ದಿನದ ಬಹುಮಾನವನ್ನೂ ನೋಡಿದೆ. ಅದೀಗ ಬರುವುದೇ ನಿಂತಿತ್ತು! ಹೊಸ ರಿಪೋರ್ಟ್ ಶುರು.

ಒಂದೇ ಲೆವೆಲನ್ನು ಪ್ರತಿ ಸಲ ಒಂದೇ ಒಂದು ಸಂಗತಿ ಬದಲಿಸಿ ಆಡುವುದು ನಿನಗೆ ಬೇಸರ ತರಿಸದಿದ್ದರೆ, ಬಾ.

ನಿನ್ನ ಅಣ್ಣ