ಎರಡು ನಗೆಗೆ ಒಂದೇ ತಕ್ಕಡಿ

‘ಕಾಮಿಡಿ ಕಿಲಾಡಿಗಳು’ ಸ್ಕಿಟ್‌ನ ವೇದಿಕೆ. ಅಲ್ಲಿ ಒಬ್ಬ ಮಾತು ಮರೆತರೆ ಜೊತೆಗಾರ ಎತ್ತಿಕೊಳ್ಳುತ್ತಾನೆ. ವೇಷ, ಸೆಟ್ಟು, ಹಿನ್ನೆಲೆ ಸಂಗೀತ ಕೈಹಿಡಿಯುತ್ತವೆ. ವಾರಕ್ಕೊಂದು ಹೊಸ ಸ್ಕಿಟ್ ಅಲ್ಲಿ ನಡೆದೀತು.

ಸ್ಟ್ಯಾಂಡಪ್‌ನಲ್ಲಿ ಬರೆದವನೇ ಒಂಟಿಯಾಗಿ ನಿಲ್ಲುತ್ತಾನೆ, ಅವನನ್ನು ತಿದ್ದುವವರು ಪ್ರೇಕ್ಷಕರು. ಪೀಠಿಕೆ ಎಲ್ಲಿ ಉದ್ದವಾಯಿತು, ನಗಿಸುವ ಪದ ವಾಕ್ಯದ ಕೊನೆಗೆ ಬಂತೇ ಎಂಬುದು ಓಪನ್ ಮೈಕ್‌ಗಳ ಮೌನದಿಂದಲೇ ತಿಳಿಯಬೇಕು. ಐದು ನಿಮಿಷದ ಮಾತು ಹದವಾಗಲು ತಿಂಗಳುಗಳೇ ಬೇಕು.

2018ರಲ್ಲಿ ಶುರುವಾದ ‘ಕಾಮಿಕ್‌ಸ್ತಾನ್’ ಸ್ಪರ್ಧಿಗಳಿಗೆ ಸುತ್ತಿಗೊಂದು ಪ್ರಕಾರ ಕೊಟ್ಟಿತು: ಒಮ್ಮೆ ಅನುಭವ ಕಥನ, ಒಮ್ಮೆ ಸುದ್ದಿಯ ಹಾಸ್ಯ, ಒಮ್ಮೆ ಸ್ಥಳದಲ್ಲೇ ಹುಟ್ಟಿಸುವ ಆಟ. ಇಂಥ ಸ್ಪರ್ಧೆಗೆ ವರ್ಷವಿಡೀ ಪಳಗಿದ ಮಾತು ಹೊತ್ತು ಬಂದವನು ಮುಂದಿನ ಸುತ್ತಿಗೆ ಹಸಿ ಮಾತನ್ನೇ ಬಡಿಸಬೇಕಾಗುತ್ತದೆ. ಅಂಕ ಇಳಿದರೆ ಅವನ ಪ್ರತಿಭೆ ಇಳಿಯಿತು ಎನ್ನುತ್ತೇವೆ. ಇಳಿದದ್ದು ತಾಲೀಮು. ಕೊನೆಗೆ ಗೆಲ್ಲುವುದು ಬೇಗ ಬರೆಯುವವನು. ಚೆನ್ನಾಗಿ ತಿದ್ದುವವನು ಮನೆಗೆ ಹೋಗುತ್ತಾನೆ.

ಹೊಸದನ್ನು ಕೇಳುವುದು ನ್ಯಾಯವೇ, ಹಳೆಯ ಜೋಕಿಗೆ ಪ್ರೇಕ್ಷಕ ಎರಡನೇ ಸಲ ನಗುವುದಿಲ್ಲ ಎನ್ನುವವರಿದ್ದಾರೆ. ಹಾಗಾದರೆ ಪ್ರೇಕ್ಷಕರನ್ನು ಬದಲಿಸಿ. ಮೊದಲ ಸುತ್ತಿನ ಮಾತನ್ನೇ ಅಂತಿಮ ಸುತ್ತಿಗೆ ಮತ್ತೆ ತರಿಸಿ, ಏನು ಕತ್ತರಿಸಿದ, ಏನು ಉಳಿಸಿಕೊಂಡ ಎಂಬುದಕ್ಕೆ ಅಂಕ ಕೊಡಿ. ಸ್ಟ್ಯಾಂಡಪ್ಪಿನ ನಿಜವಾದ ಕಸುಬು ಅದೇ.