ಜಾಣನ ಸಿಡುಕಿಗೆ ತಂಡವೇಕೆ ಬೆಲೆ ತೆರಬೇಕು?

ಲಿನಕ್ಸ್ ಕರ್ನೆಲ್‌ನ 6.7ನೇ ಆವೃತ್ತಿಯಲ್ಲಿ ಸೇರಿದ್ದ ಬಿಕ್ಯಾಷ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ 6.18ರ ಹೊತ್ತಿಗೆ ಹೊರಬಿತ್ತು. ಅದನ್ನು ಬಹುಮಟ್ಟಿಗೆ ಒಬ್ಬರೇ ಕಟ್ಟಿದವರು ಕೆಂಟ್ ಓವರ್‌ಸ್ಟ್ರೀಟ್. ಅದು ಸಣ್ಣ ಸಾಧನೆಯಲ್ಲ. ಪ್ರತಿಭಾವಂತನ ಒರಟುತನವನ್ನು ಹೇಗೆ ನಿಭಾಯಿಸಬೇಕು ಎಂದು ಯೋಚಿಸುವ ಪ್ರತಿ ಮ್ಯಾನೇಜರ್ ಈ ಪ್ರಕರಣವನ್ನು ಗಮನಿಸಬೇಕು.

2024ರಲ್ಲಿ ಮೆಮೊರಿ ವಿಭಾಗದ ಡೆವಲಪರ್ ಒಬ್ಬರ ಆಕ್ಷೇಪಕ್ಕೆ ಓವರ್‌ಸ್ಟ್ರೀಟ್ ಎಲ್ಲರೆದುರೇ ಬೈಗುಳದ ಉತ್ತರ ಬರೆದರು. ನೀತಿ ಸಂಹಿತೆ ಸಮಿತಿ ಬಹಿರಂಗ ಕ್ಷಮೆ ಬಯಸಿತು, ಅದು ಬರಲಿಲ್ಲ. 6.13ನೇ ಆವೃತ್ತಿಗೆ ಅವರ ಕೋಡ್ ಸ್ವೀಕರಿಸದಿರಲು ನವೆಂಬರಿನಲ್ಲಿ ತೀರ್ಮಾನವಾಯಿತು. ಸಮಿತಿ ಅವರ ಸ್ವಭಾವವನ್ನು ತೂಗಲಿಲ್ಲ, ಇಂಥ ಸಂದೇಶ ತಪ್ಪು ಎಂದು ಬೊಟ್ಟು ಮಾಡಿತು. ಅವಮಾನ ಬಹಿರಂಗವಾಗಿದ್ದರಿಂದ ಪರಿಹಾರವೂ ಬಹಿರಂಗವಾಗಿರಲಿ ಎಂದಿತು. ಇವೆರಡೂ ಸರಿಯಾದ ನಡೆಗಳೆಂದು ನನ್ನ ಅಭಿಪ್ರಾಯ.

ಆದರೆ ಒಂದು ಆವೃತ್ತಿಯ ಅವಧಿ ಸುಮಾರು ಒಂಬತ್ತು–ಹತ್ತು ವಾರ. ಅದು ಮುಗಿದಾಗ ಬಿಕ್ಯಾಷ್‌ಎಫ್‌ಎಸ್ ಹಿಂದಿನಂತೆಯೇ ಅವರೊಬ್ಬರ ಕೈಯಲ್ಲಿತ್ತು. 2025ರಲ್ಲಿ, ದೋಷ ಸರಿಪಡಿಸಲು ಮಾತ್ರ ಅವಕಾಶವಿರುವ ಹಂತದಲ್ಲಿ ಅವರು ಹೊಸ ಸೌಲಭ್ಯ ಸೇರಿಸಲು ಪಟ್ಟು ಹಿಡಿದರು. ಬಳಕೆದಾರರ ದತ್ತಾಂಶ ಉಳಿಸಲು ಅದು ಈಗಲೇ ಬೇಕು ಎಂಬುದು ಅವರ ವಾದ. ಆ ವಾದಕ್ಕೆ ತೂಕವಿತ್ತು. ಅದನ್ನು ಕೇಳಿಸಿಕೊಳ್ಳುವ ತಾಳ್ಮೆ ಅಷ್ಟರಲ್ಲಿ ಹಲವರಲ್ಲಿ ಬತ್ತಿಹೋಗಿತ್ತು. ಕೊನೆಗೆ ತೊಂದರೆಯಾದದ್ದು ಬಳಕೆದಾರರಿಗೆ: ಈಗ ಅವರು ಅದನ್ನು ಪ್ರತ್ಯೇಕ ಮಾಡ್ಯೂಲ್ ಆಗಿ ಹಾಕಿಕೊಳ್ಳಬೇಕು.

ಬೆಂಗಳೂರಿನ ಸಾಫ್ಟ್‌ವೇರ್ ತಂಡಗಳಲ್ಲಿ ಇಂಥ ಬೈಗುಳ ಅಪರೂಪ. ಇಲ್ಲಿ ಕಾಣುವುದು ‘ಇದು ಆಗಲ್ಲ’ ಎಂಬ ಒಂದೇ ಸಾಲಿನ ಕೋಡ್ ರಿವ್ಯೂ, ಕಿರಿಯರು ಮಾತಾಡುವಾಗ ಲ್ಯಾಪ್‌ಟಾಪ್‌ನತ್ತ ತಿರುಗಿದ ಮುಖ. ದೂರು ಬರುವುದಿಲ್ಲ. ಬದಲಿಗೆ ಹೊಸಬರು ಅಂಥ ಹಿರಿಯರ ವಿಭಾಗದ ಕೋಡ್ ಮುಟ್ಟುವುದನ್ನೇ ಬಿಡುತ್ತಾರೆ, ಡಿಸೈನ್ ಮೀಟಿಂಗ್‌ನಲ್ಲಿ ಪ್ರಶ್ನೆಗಳು ನಿಲ್ಲುತ್ತವೆ. ರಿವ್ಯೂ ದಾಖಲೆ ತೆರೆದು, ಯಾರ ಬದಲಾವಣೆಗಳು ಅರ್ಧಕ್ಕೇ ನಿಂತಿವೆ ಎಂದು ನೋಡಿದರೆ ಇದು ತಿಳಿಯುತ್ತದೆ.

ಅಂಥವರಿಗೆ ‘ಸ್ವಲ್ಪ ಮೃದುವಾಗಿರಿ’ ಎಂದು ಹೇಳಿ ಪ್ರಯೋಜನವಿಲ್ಲ. ಏಕಾಂತದಲ್ಲಿ ಕೂರಿಸಿ, ಅವರೇ ಬರೆದ ಆ ಸಾಲನ್ನು ಮುಂದಿಟ್ಟು, ಅದರಿಂದ ಯಾವ ಕೆಲಸ ಎಷ್ಟು ದಿನ ನಿಂತಿತು ಎಂದು ತೋರಿಸಬೇಕು. ತಿರಸ್ಕರಿಸುವುದಾದರೆ ಕಾರಣವನ್ನೂ ಏನು ಬದಲಿಸಬೇಕೆಂಬುದನ್ನೂ ಬರೆಯಲೇಬೇಕು ಎಂಬ ನಿಯಮ ಇಡೀ ತಂಡಕ್ಕೆ ಅನ್ವಯಿಸಲಿ. ಅದಕ್ಕೂ ಮುಖ್ಯವಾಗಿ, ಅವರ ವಿಭಾಗದ ಒಳಹೊರಗು ಬಲ್ಲ ಇನ್ನೊಬ್ಬರನ್ನು ಅದೇ ದಿನದಿಂದ ತಯಾರು ಮಾಡಬೇಕು. 2018ರಲ್ಲಿ ತಮ್ಮ ಕಟುಮಾತುಗಳಿಗೆ ಕ್ಷಮೆ ಕೇಳಿ ಲೈನಸ್ ಟೊರ್ವಾಲ್ಡ್ಸ್ ಬಿಡುವು ಪಡೆದಾಗ, 4.19ನೇ ಆವೃತ್ತಿಯನ್ನು ಗ್ರೆಗ್ ಕ್ರೋ-ಹಾರ್ಟ್‌ಮನ್ ಬಿಡುಗಡೆ ಮಾಡಿದರು. ಬಿಕ್ಯಾಷ್‌ಎಫ್‌ಎಸ್‌ಗೆ ಹಾಗೆ ಹೆಗಲು ಕೊಡುವವರು ಇರಲಿಲ್ಲ.

ಎರಡನೆಯವರು ಸಿದ್ಧರಾದ ಮೇಲೂ ನಡವಳಿಕೆ ಬದಲಾಗದಿದ್ದರೆ, ಇತರರ ಕೋಡ್ ಒಪ್ಪುವ, ತಿರಸ್ಕರಿಸುವ ಅಧಿಕಾರವನ್ನು ಹಿಂಪಡೆಯಬೇಕು. ಕೋಡ್ ಬರೆಯುವ ಕೆಲಸ ಅವರಿಗೇ ಇರಲಿ.