ಕತ್ತರಿಸಿದ ಕೊನೆಯ ಲೇನು

ಮೊನ್ನೆ ಚಿಕ್ಕಮ್ಮನ ಮಗಳು ಒಂದು ಫೋಟೋ ಕಳಿಸಿದಳು. ಎಮ್ಮೆಸ್ಸಿ ಪ್ರಾಜೆಕ್ಟಿನ ಅಗರೋಸ್ ಜೆಲ್ ಚಿತ್ರ. "ಅಣ್ಣಾ, ನಿಂಗೆ ಫೋಟೋ ಎಡಿಟಿಂಗ್ ಬರತ್ತಲ್ಲ, ಬಲಗಡೆಯ ಕೊನೇ ಲೇನ್ ಕಟ್ ಮಾಡಿಕೊಡು, ಸರ್ ಹೇಳಿದಾರೆ" ಅಂದಳು. ಸಾಫ್ಟ್‌ವೇರಿನವರು ಅಂದ್ರೆ ಊರಿಗೆಲ್ಲ ಕತ್ತರಿ ನೋಡಿ!

ಚಿತ್ರದಲ್ಲಿ ಆರು ಲೇನು. ಮೊದಲನೆಯದು 100 ಬೇಸ್‌ಪೇರ್ ಲ್ಯಾಡರ್, ಅದರಲ್ಲಿ 500ರ ಗೆರೆ ದಪ್ಪಗಿರತ್ತೆ, ಅಲ್ಲಿಂದ ಎಣಿಸಿಕೊಂಡು ಹೋಗಬೇಕು. ಆಮೇಲೆ ನಾಲ್ಕು ಸ್ಯಾಂಪಲ್. ಆರನೆಯದಕ್ಕೆ ಡಿಎನ್ಎ ಹಾಕೇ ಇಲ್ಲ, ಬರೀ ನೀರು, ಪ್ರೈಮರ್, ಕಿಣ್ವ. ಅಂದ್ರೆ ನೆಗೆಟಿವ್ ಕಂಟ್ರೋಲ್. ಬರಬೇಕಿದ್ದ ತುಣುಕು 480. ಎರಡು ಸ್ಯಾಂಪಲ್ಲು ಫಳಫಳ, ಇನ್ನೆರಡು ಮಸುಕು. ಆರನೆಯದರಲ್ಲೂ ಒಂದು ಮಸುಕು ಗೆರೆ. ಕತ್ತರಿಸಬೇಕಾಗಿದ್ದು ಅದನ್ನೇ!

"ಅದು ಪ್ರೈಮರ್ ಡೈಮರ್" ಅನ್ನೋದು ಸರ್ ವಾದ. ಪ್ರೈಮರ್‌ಗಳು ಒಂದಕ್ಕೊಂದು ಅಂಟಿಕೊಂಡರೆ ಆಗೋ ತುಣುಕು ಪುಟ್ಟದು. ಅದು ಜೆಲ್ಲಿನ ತಳದಲ್ಲಿ, 100ರ ಗೆರೆಗಿಂತ ಕೆಳಗೆ, ಕದಡಿದ ಹಾಗೆ ಕಾಣತ್ತೆ. ಇದು 500ರ ಪಕ್ಕದಲ್ಲಿ ನೆಟ್ಟಗೆ ಕೂತಿದೆ ಸ್ವಾಮೀ.

ಎರಡನೇ ವಾದ ಇನ್ನೂ ಚೆನ್ನಾಗಿದೆ: ಅದು ಸ್ಯಾಂಪಲ್ಲಿನ ಗೆರೆಗಳಿಗಿಂತ ಸ್ವಲ್ಪ ಮೇಲಿದೆ, ಆದ್ದರಿಂದ ಬೇರೆ ಸೈಜು. ಕರೆಂಟ್ ಜಾಸ್ತಿ ಕೊಟ್ಟು ಓಡಿಸಿದರೆ ಜೆಲ್ಲಿನ ನಡುಭಾಗ ಬಿಸಿಯಾಗಿ ಅಲ್ಲಿನ ಡಿಎನ್ಎ ಬೇಗ ಓಡತ್ತೆ, ಅಂಚಿನದು ಹಿಂದುಳಿಯತ್ತೆ. ಗೆರೆಗಳೆಲ್ಲ ಸೇರಿ ನಗುವಿನ ಹಾಗೆ ಬಾಗತ್ತವೆ. ಲ್ಯಾಡರ್ ಇರೋದು ಎಡ ಅಂಚಲ್ಲಿ, ಕಂಟ್ರೋಲ್ ಬಲ ಅಂಚಲ್ಲಿ. ಎರಡೂ ಹೆಚ್ಚುಕಡಿಮೆ ಒಂದೇ ಥರ ಹಿಂದುಳಿದಿರತ್ತವೆ. ಆದ್ದರಿಂದ ಅಡ್ಡಕ್ಕೆ ಸ್ಕೇಲಿಟ್ಟು ನೋಡಿದರೆ, ಕಂಟ್ರೋಲ್ ಗೆರೆ 500ಕ್ಕಿಂತ ಚೂರೇ ಕೆಳಗೆ, ಅಂದ್ರೆ ಸರಿಯಾಗಿ 480ರ ಜಾಗದಲ್ಲಿದೆ. ನಡುವಿನ ಸ್ಯಾಂಪಲ್ಲುಗಳೇ ಸುಳ್ಳುಸುಳ್ಳೇ 450ರ ಹಾಗೆ ಕಾಣ್ತಿವೆ. ಲ್ಯಾಡರನ್ನ ಎರಡೂ ಕಡೆ ಹಾಕಿದ್ದರೆ ಈ ಜಗಳವೇ ಇರ್ತಿರಲಿಲ್ಲ.

"ಮಸುಕಾಗಿದೆ, ಬಿಡಿ" ಅನ್ನೋರಿಗೆ ಒಂದು ಲೆಕ್ಕ. ಪ್ರತಿ ಸುತ್ತಲ್ಲೂ ಪೂರ್ತಿ ದುಪ್ಪಟ್ಟಾದರೆ ಒಂದೇ ಒಂದು ಅಣು 30 ಸುತ್ತಲ್ಲಿ ಸುಮಾರು 107 ಕೋಟಿ ಆಗತ್ತೆ. ಹಳೇ ಪಿಸಿಆರ್ ಟ್ಯೂಬ್ ಮುಚ್ಚಳ ತೆಗೆದಾಗ ಹಾರೋ ತುಂತುರಲ್ಲಿ ಅಂಥವು ಎಷ್ಟಿರಬಹುದು ಯೋಚಿಸಿ. ಅದು ನೀರಿನ ಬಾಟ್ಲಿಗೆ ಬಿದ್ದರೆ ಎಲ್ಲ ಟ್ಯೂಬಿಗೂ ಹಂಚಿಕೆ ಆದ ಹಾಗೆ. ಹಾಗಿದ್ದಮೇಲೆ ಆ ಎರಡು ಮಸುಕು ಸ್ಯಾಂಪಲ್ಲುಗಳನ್ನ ಯಾವ ಮುಖ ಇಟ್ಟುಕೊಂಡು ಪಾಸಿಟಿವ್ ಅಂತೀರಿ?

ನಾನು ಕತ್ತರಿಸಲಿಲ್ಲ. "ನೀರು ಮಾತ್ರ ಹೊಸದು ಹಾಕು, ಮಿಕ್ಕಿದ್ದೆಲ್ಲ ಹಾಗೇ ಇರಲಿ. ಒಂದು ಪಾಸಿಟಿವ್ ಕಂಟ್ರೋಲನ್ನೂ ಸೇರಿಸು" ಅಂದೆ. ಬೈಕೊಂಡೇ ಮಾಡಿದಳು, ಒಂದು ದಿನ ಹೋಯ್ತು. ಪಾಸಿಟಿವ್ ಬಂತು, ನೀರಿನ ಲೇನು ಖಾಲಿ. ಆ ಎರಡು ಮಸುಕು ಸ್ಯಾಂಪಲ್ಲೂ ಖಾಲಿ. ಈಗ ರಿಪೋರ್ಟಿನಲ್ಲಿ ನಾಲ್ಕರ ಬದಲು ಎರಡು ಅಂತ ಬರೆದಿದ್ದಾಳೆ, ಸರ್ ಇನ್ನೂ ಸಹಿ ಹಾಕಿಲ್ಲ.